ದವಡೆ ಕತ್ತರಿಸುವ ಮುನ್ನ ನಡೆಯುವ ಕೆಲಸ

ಹಲ್ಲು ಸಾಲು ತಪ್ಪಿದ್ದರೆ ಕ್ಲಿಪ್ ಹಾಕಿಸಬೇಕು ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕೆಲವರಲ್ಲಿ ಹಲ್ಲು ನಿಂತಿರುವ ಎಲುಬೇ ಜಾಗ ತಪ್ಪಿರುತ್ತದೆ. ಮೇಲ್ದವಡೆ ಸಾಕಷ್ಟು ಮುಂದೆ ಬೆಳೆದಿರುವುದಿಲ್ಲ ಅಥವಾ ಕೆಳದವಡೆ ಬೇಕಾದ್ದಕ್ಕಿಂತ ಮುಂದೆ ಚಾಚಿರುತ್ತದೆ. ಬಹಳ ಸಲ ಎರಡೂ ಕೂಡಿರುತ್ತವೆ. ಬಾಯಿ ಮುಚ್ಚಿದಾಗ ಕೆಳಗಿನ ಬಾಚಿಹಲ್ಲುಗಳು ಮೇಲಿನವುಗಳ ಮುಂದೆ ಹೋಗಿ ನಿಲ್ಲುತ್ತವೆ. ಇಂಥವರು ಚಪಾತಿಯ ಸುರುಳಿಯನ್ನು ಮುಂದಿನ ಹಲ್ಲಿನಿಂದ ಕಡಿಯಲಾರರು. ಬಾಯಿಯ ಪಕ್ಕಕ್ಕೆ ತಳ್ಳಿ ಹರಿದುಕೊಳ್ಳುತ್ತಾರೆ. ಕೆಲವರಿಗೆ ‘ಸ’, ‘ಫ’ ಅಕ್ಷರಗಳ ಉಚ್ಚಾರವೂ ತೊಡಕು.

ದವಡೆಯ ದೋಷದಲ್ಲಿ ಬೇರೆ ಬಗೆಗಳೂ ಇವೆ. ಕೆಳದವಡೆ ಹಿಂದುಳಿದು ಗದ್ದವೇ ಇಲ್ಲದಂತೆ ಕಾಣುವುದು, ಮೇಲ್ದವಡೆ ಉದ್ದ ಬೆಳೆದು ನಕ್ಕಾಗ ವಸಡೆಲ್ಲ ತೋರುವುದು, ಮುಂದಿನ ಹಲ್ಲುಗಳು ಕೂಡದೆ ತೆರೆದೇ ಉಳಿಯುವುದು, ಮುಖ ಒಂದು ಬದಿಗೆ ವಾಲುವುದು. ಇವೆಲ್ಲಕ್ಕೂ ಆರ್ಥೊಗ್ನಾಥಿಕ್ ಶಸ್ತ್ರಚಿಕಿತ್ಸೆ ಇದೆ, ಅಂದರೆ ದವಡೆಯ ಎಲುಬನ್ನು ಕತ್ತರಿಸಿ, ಸರಿಸಿ, ಹೊಸ ಜಾಗದಲ್ಲಿ ಕೂರಿಸುವುದು. ಇಲ್ಲಿ ಚಾಚಿದ ಕೆಳದವಡೆಯ ಒಂದು ಬಗೆಯನ್ನೇ ಹಿಡಿದು ಹೊರಡುತ್ತೇನೆ. ಹಲ್ಲು ಸರಿಸುವ ವೈದ್ಯರೂ ಎಲುಬು ಸರಿಸುವ ವೈದ್ಯರೂ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಹೇಗೆ ಅವಲಂಬಿಸಿರುತ್ತಾರೆ ಎಂಬುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ದವಡೆಗಳು ದೂರ ಸರಿಯುತ್ತ ಬೆಳೆದಾಗ ಹಲ್ಲುಗಳು ಸುಮ್ಮನಿರುವುದಿಲ್ಲ. ತುಟಿಯ ಮತ್ತು ನಾಲಿಗೆಯ ಒತ್ತಡಕ್ಕೆ ಸಿಕ್ಕಿ ಅವು ಹೇಗಾದರೂ ಒಂದನ್ನೊಂದು ಮುಟ್ಟಲು ನೋಡುತ್ತವೆ. ಕೆಳಗಿನ ಬಾಚಿಹಲ್ಲುಗಳು ಒಳಗೆ ನಾಲಿಗೆಯ ಕಡೆಗೆ ವಾಲುತ್ತವೆ. ಮೇಲಿನವು ತುಟಿಯ ಕಡೆಗೆ ಚಾಚುತ್ತವೆ. ಹೀಗಾಗಿ ಎಲುಬಿನಲ್ಲಿ 10 ಮಿಲಿಮೀಟರ್ ತಪ್ಪಿದ್ದರೂ ಹಲ್ಲಿನಲ್ಲಿ 4 ಮಿಲಿಮೀಟರ್ ಮಾತ್ರ ಕಾಣಬಹುದು. ಬಾಯಿ ನೋಡಿದವರಿಗೆ ದೋಷ ಸಣ್ಣದೆನಿಸುತ್ತದೆ. ನಿಜವಾದ ಅಳತೆ ಸಿಗುವುದು ತಲೆಯ ಪಕ್ಕದಿಂದ ತೆಗೆದ ಸೆಫಲೋಗ್ರಾಂ ಎಂಬ ಎಕ್ಸ್‌ರೇಯಲ್ಲಿ. ತಲೆಬುರುಡೆಯ ತಳದಿಂದ ಮೂಗಿನ ಬುಡಕ್ಕೆ ಎಳೆದ ಗೆರೆಗೆ ಮೇಲ್ದವಡೆ ಸುಮಾರು 82 ಡಿಗ್ರಿ, ಕೆಳದವಡೆ ಸುಮಾರು 80 ಡಿಗ್ರಿ ಕೋನದಲ್ಲಿರುವುದು ವಾಡಿಕೆ. ಮೇಲಿನದು ಎರಡು ಡಿಗ್ರಿ ಮುಂದಿದ್ದರೆ ಹಲ್ಲು ಸರಿಯಾಗಿ ಕೂಡುತ್ತದೆ. ಈ ಎರಡು ಡಿಗ್ರಿಯ ಅಂತರ ತಿರುಗುಮುರುಗಾಗಿ ನಾಲ್ಕೈದು ಡಿಗ್ರಿ ದಾಟಿತೆಂದರೆ ಬರೀ ಕ್ಲಿಪ್ಪಿನಿಂದ ಸುಧಾರಿಸುವುದು ಕಷ್ಟವಾಗುತ್ತ ಹೋಗುತ್ತದೆ.

ಇಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ದೋಷ ಅಲ್ಪವಾಗಿದ್ದರೆ ಎಲುಬನ್ನು ಅದರ ಪಾಡಿಗೆ ಬಿಟ್ಟು ಹಲ್ಲುಗಳನ್ನೇ ಇನ್ನಷ್ಟು ವಾಲಿಸಿ ಕೂಡಿಸಬಹುದು. ಇದಕ್ಕಾಗಿ ಸಾಮಾನ್ಯವಾಗಿ ಕೆಳದವಡೆಯಲ್ಲಿ ಹಲ್ಲು ಕಿತ್ತು, ಸಿಕ್ಕ ಜಾಗಕ್ಕೆ ಕೆಳಗಿನ ಬಾಚಿಹಲ್ಲುಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಶಸ್ತ್ರಚಿಕಿತ್ಸೆ ಎಂದು ತೀರ್ಮಾನವಾದರೆ ಮಾಡಬೇಕಾದದ್ದು ನೇರ ಉಲ್ಟಾ: ಒಳಕ್ಕೆ ವಾಲಿದ ಕೆಳಗಿನ ಹಲ್ಲುಗಳನ್ನು ಮುಂದಕ್ಕೆ ನೆಟ್ಟಗೆ ನಿಲ್ಲಿಸಬೇಕು, ಚಾಚಿದ ಮೇಲಿನವನ್ನು ಹಿಂದಕ್ಕೆ ತರಬೇಕು, ಹಲ್ಲು ಕೀಳುವುದಿದ್ದರೆ ಮೇಲ್ದವಡೆಯಲ್ಲಿ, ಕೋರೆಹಲ್ಲಿನ ಹಿಂದಿನ ಹಲ್ಲನ್ನು ಎರಡೂ ಬದಿಗೆ ಕೀಳಬೇಕು. ಒಂದು ದಾರಿಯಲ್ಲಿ ಅರ್ಧ ಹೋಗಿ ಇನ್ನೊಂದಕ್ಕೆ ಹೊರಳಿದರೆ ಕಿತ್ತ ಹಲ್ಲು ಮರಳಿ ಬರುವುದಿಲ್ಲ. ಹದಿನಾಲ್ಕನೇ ವಯಸ್ಸಿಗೆ ಕೆಳಗಿನ ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡ ಹುಡುಗನ ಕೆಳದವಡೆ ಹತ್ತೊಂಬತ್ತರವರೆಗೂ ಬೆಳೆದು, ಕೂಡಿಸಿದ್ದೆಲ್ಲ ಬಿಟ್ಟುಹೋಗುವುದುಂಟು. ಆಗ ಮುಚ್ಚಿದ ಜಾಗವನ್ನು ಮತ್ತೆ ತೆರೆದು, ಹಿಂದೆಳೆದ ಹಲ್ಲನ್ನು ಮುಂದೆ ತಂದು, ಕಡೆಗೆ ಶಸ್ತ್ರಚಿಕಿತ್ಸೆಗೇ ಹೋಗಬೇಕು. ಪದೇ ಪದೇ ಅಲುಗಾಡಿದ ಬೇರುಗಳು ಸವೆದು ಮೊಟಕಾಗುವ ಸಂಭವವೂ ಹೆಚ್ಚು. ಈ ಕ್ಷೇತ್ರದಲ್ಲಿ ಶಸ್ತ್ರದಿಂದ ಆಗುವ ತಪ್ಪಿಗಿಂತ, ಎರಡನೆಯ ವೈದ್ಯರನ್ನು ಕೇಳದೆ ಹಲ್ಲು ಕೀಳುವ ತಪ್ಪು ದೊಡ್ಡದೆಂದು ನನ್ನ ಅಭಿಪ್ರಾಯ.

ಅದಕ್ಕೇ ಬೆಳವಣಿಗೆ ನಿಂತದ್ದು ಖಚಿತವಾಗಬೇಕು. ಹುಡುಗಿಯರಲ್ಲಿ ಇದು ಸುಮಾರು ಹದಿನಾರು ಹದಿನೇಳಕ್ಕೆ, ಹುಡುಗರಲ್ಲಿ ಹದಿನೆಂಟರಿಂದ ಇಪ್ಪತ್ತೊಂದರೊಳಗೆ ಆಗುತ್ತದೆ. ಚಾಚಿದ ಕೆಳದವಡೆಯವರಲ್ಲಿ ಇನ್ನೂ ತಡವಾಗಬಹುದು. ವಯಸ್ಸನ್ನು ಮಾತ್ರ ನಂಬುವಂತಿಲ್ಲ. ಆರು ತಿಂಗಳಿಂದ ಒಂದು ವರ್ಷದ ಅಂತರದಲ್ಲಿ ತೆಗೆದ ಎರಡು ಸೆಫಲೋಗ್ರಾಂಗಳನ್ನು ಒಂದರ ಮೇಲೊಂದಿಟ್ಟು ನೋಡಿ, ಕೆಳದವಡೆಯ ಗೆರೆ ಕದಲಿಲ್ಲವಾದರೆ ಮಾತ್ರ ಮುಂದುವರಿಯುತ್ತಾರೆ. ಮದುವೆಯ ಮಾತು ಬಂತೆಂದು ಮನೆಯವರು ಅವಸರ ಮಾಡುವುದುಂಟು, ಆದರೆ ಎಲುಬು ಮುಹೂರ್ತ ಕೇಳುವುದಿಲ್ಲ.

ಲೆಕ್ಕ ಹೇಗೆ ನಡೆಯುತ್ತದೆಂದು ತೋರಿಸಲು ಒಂದು ಮಾದರಿ ಪ್ರಕರಣ ಇಟ್ಟುಕೊಳ್ಳೋಣ. 21 ವರ್ಷದ ಯುವಕ. ಮೇಲ್ದವಡೆಯ ಕೋನ 78, ಕೆಳದವಡೆಯದು 85. ಎಂದರೆ ಕೆಳಗಿನದು ಏಳು ಡಿಗ್ರಿ ಮುಂದೆ. ಕೆಳಗಿನ ಬಾಚಿಹಲ್ಲು ಮೇಲಿನದಕ್ಕಿಂತ 4 ಮಿಲಿಮೀಟರ್ ಮುಂದಿದೆ. ಕೆಳಗಿನ ಬಾಚಿಹಲ್ಲುಗಳು ದವಡೆಯ ತಳಕ್ಕೆ ಸುಮಾರು 90 ಡಿಗ್ರಿಯಲ್ಲಿರಬೇಕಾದಲ್ಲಿ 78ಕ್ಕೆ ವಾಲಿವೆ. ಗದ್ದದ ನಡು ಎಡಕ್ಕೆ 3 ಮಿಲಿಮೀಟರ್ ಸರಿದಿದೆ.

ಆರ್ಥೊಡಾಂಟಿಸ್ಟ್ ಮೇಲಿನ ಎರಡು ಹಲ್ಲು ಕೀಳಿಸಿ ಕ್ಲಿಪ್ ಹಾಕುತ್ತಾರೆ. ಕೆಳದವಡೆಯ ಬುದ್ಧಿಹಲ್ಲುಗಳನ್ನೂ ಈಗಲೇ ತೆಗೆಸುತ್ತಾರೆ. ಮುಂದೆ ಶಸ್ತ್ರ ಹಾಯುವುದು ಅದೇ ಜಾಗದಲ್ಲಿ, ಅಲ್ಲಿನ ಗುಳಿ ಎಲುಬು ತುಂಬಿಕೊಳ್ಳಲು ಕನಿಷ್ಠ ಆರು ತಿಂಗಳು ಬೇಕು. ನಂತರದ ಒಂದರಿಂದ ಒಂದೂವರೆ ವರ್ಷ ಹಲ್ಲುಗಳು ಅವುಗಳ ಎಲುಬಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಮುಖ ಮಾತ್ರ ತಿಂಗಳಿಂದ ತಿಂಗಳಿಗೆ ಕೆಡುತ್ತ ಹೋಗುತ್ತದೆ. ಮುಚ್ಚಿಕೊಂಡಿದ್ದ ದೋಷ ಬಯಲಿಗೆ ಬಂದು 4 ಮಿಲಿಮೀಟರ್ ಇದ್ದದ್ದು 9 ಆಗುತ್ತದೆ, ಕೆಳತುಟಿ ಇನ್ನಷ್ಟು ಮುಂದೆ ಬರುತ್ತದೆ, ಅಗಿಯುವುದು ಮೊದಲಿಗಿಂತ ಕಷ್ಟವಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹುಡುಗ ಚಿಕಿತ್ಸೆ ಕೆಟ್ಟಿತೆಂದು ನಡುವೆ ಬಿಟ್ಟುಬಿಡುತ್ತಾನೆ, ಬಿಟ್ಟವನ ಸ್ಥಿತಿ ಶುರುವಿಗಿಂತ ಕೆಟ್ಟದ್ದು.

ಹಲ್ಲು ಸಿದ್ಧವಾಯಿತೋ ಇಲ್ಲವೋ ಎಂದು ತಿಳಿಯುವ ಹಳೆಯ ಉಪಾಯ ಇಂದಿಗೂ ಚೆನ್ನಾಗಿದೆ. ಕೆಲವು ತಿಂಗಳಿಗೊಮ್ಮೆ ಎರಡೂ ದವಡೆಗಳ ಅಚ್ಚು ತೆಗೆದು ಪ್ಲಾಸ್ಟರ್ ಸುರಿಯುತ್ತಾರೆ. ಆ ಪ್ಲಾಸ್ಟರ್ ದವಡೆಗಳನ್ನು ಎರಡು ಕೈಯಲ್ಲಿ ಹಿಡಿದು, ಕೆಳಗಿನದನ್ನು ಶಸ್ತ್ರಚಿಕಿತ್ಸೆಯ ನಂತರ ಇರಬೇಕಾದ ಜಾಗಕ್ಕೆ ಜಾರಿಸಿ ಒತ್ತುತ್ತಾರೆ. ಅಲುಗಾಡದೆ ಕೂತರೆ ಸರಿ. ಒಂದು ಹಲ್ಲು ಮೊದಲು ತಾಗಿ ಉಳಿದವು ಎದ್ದು ನಿಂತರೆ, ಆ ಹಲ್ಲನ್ನು ಇನ್ನೂ ಸರಿಸಬೇಕು. ಕೋರೆಹಲ್ಲಿನಿಂದ ಕೋರೆಹಲ್ಲಿಗೆ ಮೇಲೆ ಅಗಲ ಸಾಲದಿದ್ದರೆ ಅದೂ ಇಲ್ಲೇ ಕಾಣುತ್ತದೆ. ಎಲ್ಲ ಹೊಂದಿದ ಮೇಲೆ ದಪ್ಪ ತಂತಿ ಕೂರಿಸಿ, ಅದಕ್ಕೆ ರಬ್ಬರ್ ಬ್ಯಾಂಡ್ ಸಿಕ್ಕಿಸುವ ಸಣ್ಣ ಕೊಕ್ಕೆಗಳನ್ನು ಹಾಕಿ, ಹಲ್ಲು ಇನ್ನು ಕದಲದಂತೆ ನಾಲ್ಕಾರು ವಾರ ಬಿಡುತ್ತಾರೆ.

ಈಗ ಇಬ್ಬರೂ ವೈದ್ಯರು ಕೂತು ಅಂಕಿ ಹಾಕುತ್ತಾರೆ. ಮೇಲಿನ ಹಲ್ಲು ಕೆಳಗಿನದಕ್ಕಿಂತ 2 ಮಿಲಿಮೀಟರ್ ಮುಂದಿರಬೇಕು, ಈಗ 9 ಹಿಂದಿದೆ. ಒಟ್ಟು 11 ಸರಿಯಬೇಕು. ಕೆಳದವಡೆಯನ್ನೇ ಪೂರ್ತಿ ಹಿಂದೆ ತಳ್ಳಿದರಾಗದೇ ಎಂಬ ಪ್ರಶ್ನೆ ಸಹಜ. ಹಿಂದೆ ಹಾಗೇ ಮಾಡುತ್ತಿದ್ದರು. ಆದರೆ ಕೆಳದವಡೆ ಹಿಂದೆ ಹೋದಂತೆ ನಾಲಿಗೆಯೂ ಹಿಂದೆ ಸರಿದು ಉಸಿರಿನ ದಾರಿ ಕಿರಿದಾಗುತ್ತದೆ. ಕೆಲವರಿಗೆ ಗೊರಕೆ, ನಿದ್ದೆಯಲ್ಲಿ ಉಸಿರುಗಟ್ಟುವುದು ಶುರುವಾಗಬಹುದು. ಗದ್ದದ ಕೆಳಗೆ ಚರ್ಮ ಮಡಿಕೆಬೀಳುತ್ತದೆ. ದೊಡ್ಡ ಹಿನ್ನಡೆ ಮತ್ತೆ ಮುಂದಕ್ಕೆ ಜಾರುವ ಸ್ವಭಾವದ್ದೂ ಹೌದು. ಹಾಗಾಗಿ ಮೇಲ್ದವಡೆಯನ್ನು 5 ಮುಂದೆ, ಕೆಳಗಿನದನ್ನು ಸರಾಸರಿ 6 ಹಿಂದೆ ಎಂದು ಹಂಚುತ್ತಾರೆ. ಗದ್ದ ಎಡಕ್ಕಿರುವುದರಿಂದ ಕೆಳದವಡೆ ಬಲಬದಿಯಲ್ಲಿ ಸುಮಾರು 7.5, ಎಡಬದಿಯಲ್ಲಿ 4.5 ಸರಿಯುತ್ತದೆ. ಎತ್ತರ ನಿರ್ಧರಿಸಲು ಯುವಕನನ್ನು ನೇರ ನಿಲ್ಲಿಸಿ, ತುಟಿ ಸಡಿಲ ಬಿಟ್ಟಾಗ ಮೇಲಿನ ಹಲ್ಲು ಎಷ್ಟು ಕಾಣುತ್ತದೆಂದು ಸ್ಕೇಲಿನಲ್ಲಿ ಅಳೆಯುತ್ತಾರೆ. 2ರಿಂದ 4 ಮಿಲಿಮೀಟರ್ ಕಂಡರೆ ಚೆಂದ. ಇವನಿಗೆ 3 ಇದೆ, ಆದ್ದರಿಂದ ಎತ್ತರ ಮುಟ್ಟಬೇಕಿಲ್ಲ. ಇಡೀ ಯೋಜನೆಯ ನೆಲೆ ಈ ಒಂದು ಅಳತೆ. ಇದು ಕಂಪ್ಯೂಟರಿನಲ್ಲಿ ಸಿಗುವುದಿಲ್ಲ, ಮನುಷ್ಯನ ಮುಖದಲ್ಲೇ ನೋಡಬೇಕು.

ಉಳಿದದ್ದಕ್ಕೆ ಈಗ ಕಂಪ್ಯೂಟರ್ ಬಂದಿದೆ. ಸಿ.ಟಿ. ಸ್ಕ್ಯಾನಿನ ಎಲುಬಿನ ಚಿತ್ರಕ್ಕೆ ಬಾಯೊಳಗಿನ ಸ್ಕ್ಯಾನಿನ ಹಲ್ಲಿನ ಚಿತ್ರ ಜೋಡಿಸಿ, ಪರದೆಯ ಮೇಲೆ ದವಡೆ ಕತ್ತರಿಸಿ ಸರಿಸಿ ನೋಡುತ್ತಾರೆ. ಅದರಿಂದ ತ್ರೀಡಿ ಪ್ರಿಂಟರಿನಲ್ಲಿ ಎರಡು ಸ್ಪ್ಲಿಂಟ್ ತಯಾರಾಗುತ್ತವೆ. ಸ್ಪ್ಲಿಂಟ್ ಎಂದರೆ ಎರಡು ದವಡೆಗಳ ನಡುವೆ ಕೂರುವ, ಹಲ್ಲಿನ ಗುರುತಿರುವ ತೆಳು ಪ್ಲಾಸ್ಟಿಕ್ ತುಂಡು. ಮೊದಲನೆಯದು ಇನ್ನೂ ಕತ್ತರಿಸದ ಕೆಳದವಡೆಯನ್ನು ಆಧಾರವಾಗಿಟ್ಟು ಮೇಲ್ದವಡೆಯ ಹೊಸ ಜಾಗ ತೋರಿಸುತ್ತದೆ. ಎರಡನೆಯದು ಹೊಸ ಮೇಲ್ದವಡೆಗೆ ಕೆಳದವಡೆಯನ್ನು ಹೊಂದಿಸುತ್ತದೆ. ಇದರ ದುರ್ಬಲ ಕೊಂಡಿಯೂ ಇಲ್ಲೇ ಇದೆ. ಸ್ಕ್ಯಾನ್ ಮಾಡುವಾಗ ರೋಗಿ ದವಡೆಯನ್ನು ಅಭ್ಯಾಸಬಲದಿಂದ ಸ್ವಲ್ಪ ಮುಂದೆ ಜಾರಿಸಿ ಕಚ್ಚಿದ್ದರೆ, ಕಿವಿಯ ಮುಂದಿನ ಕೀಲು ಅದರ ಗುಳಿಯಲ್ಲಿ ಪೂರ್ತಿ ಕೂತಿರುವುದಿಲ್ಲ. ಆ ತಪ್ಪು ಮೊದಲ ಸ್ಪ್ಲಿಂಟಿಗೆ, ಅಲ್ಲಿಂದ ಮೇಲ್ದವಡೆಗೆ ಹಾಗೇ ಇಳಿಯುತ್ತದೆ. ಪ್ರಿಂಟರ್ ಎಷ್ಟೇ ನಿಖರವಾಗಿದ್ದರೂ ಪ್ರಯೋಜನವಿಲ್ಲ.

ಶಸ್ತ್ರದ ಕೆಲಸಕ್ಕೆ ಒಂದೂಮುಕ್ಕಾಲು ಶತಮಾನದ ಇತಿಹಾಸವಿದೆ. 1849ರಲ್ಲಿ ಅಮೆರಿಕದ ಸೈಮನ್ ಹಲಿಹೆನ್, ಸುಟ್ಟ ಗಾಯದ ಕಲೆಯ ಎಳೆತದಿಂದ ಕೆಳದವಡೆ ವಿಕಾರವಾಗಿದ್ದ ಯುವತಿಯೊಬ್ಬಳ ಎಲುಬನ್ನು ಕತ್ತರಿಸಿ ಸರಿಪಡಿಸಿದ. ಇಂದಿನ ವಿಧಾನಕ್ಕೆ ದಾರಿ ಹಾಕಿದವನು ಹ್ಯೂಗೊ ಒಬ್ವೆಗೆಸರ್. ಕೆಳದವಡೆಯನ್ನು ಅಡ್ಡಕ್ಕೆ ತುಂಡು ಮಾಡುವ ಬದಲು, ಹಿಂಭಾಗದಲ್ಲಿ ಒಳಪದರ ಹೊರಪದರಗಳನ್ನು ಉದ್ದಕ್ಕೆ ಸೀಳಿ, ಒಂದರ ಮೇಲೊಂದು ಜಾರಿಸುವ ಉಪಾಯವನ್ನು ಆತ ಟ್ರಾನರ್ ಜೊತೆ 1957ರಲ್ಲಿ ಇಂಗ್ಲಿಷ್ ಓದುಗರ ಮುಂದಿಟ್ಟ. ಅಗಲವಾದ ಎಲುಬು ಎಲುಬಿಗೆ ತಾಗುವುದರಿಂದ ಬೇಗ ಕೂಡುತ್ತದೆ, ಬಾಯೊಳಗಿನಿಂದಲೇ ಮಾಡುವುದರಿಂದ ಮುಖದ ಮೇಲೆ ಕಲೆ ಉಳಿಯದು. ಎರಡೂ ದವಡೆಗಳನ್ನು ಒಂದೇ ಬಾರಿಗೆ ಸರಿಸಿದ ವರದಿಯನ್ನೂ 1970ರಲ್ಲಿ ಅವನೇ ಪ್ರಕಟಿಸಿದ. ಮೇಲ್ದವಡೆಯ ಸೀಳಿಗೆ ಲೆ ಫೋರ್ ಎಂಬ ಫ್ರೆಂಚ್ ವೈದ್ಯನ ಹೆಸರಿದೆ. 1901ರಲ್ಲಿ ಆತ ಶವಗಳ ಮುಖಕ್ಕೆ ಪೆಟ್ಟು ಕೊಟ್ಟು ಎಲುಬು ಎಲ್ಲೆಲ್ಲಿ ಬಿರಿಯುತ್ತದೆಂದು ಗುರುತಿಸಿದ್ದ. ಪೂರ್ತಿ ಬಿಡಿಸಿದ ಮೇಲ್ದವಡೆಗೆ ಅಂಗುಳಿನ ಮೃದುಭಾಗದ ಕಡೆಯಿಂದಲೇ ರಕ್ತ ಸಾಕಷ್ಟು ಸಿಗುತ್ತದೆ ಎಂಬುದನ್ನು ವಿಲಿಯಂ ಬೆಲ್ ಕೋತಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ ಮೇಲೆಯೇ ವೈದ್ಯರಿಗೆ ಧೈರ್ಯ ಬಂತು.

ನಮ್ಮ ಯುವಕನ ಶಸ್ತ್ರಚಿಕಿತ್ಸೆ ನಾಲ್ಕೈದು ಗಂಟೆ ಹಿಡಿಯಬಹುದು. ಹಲ್ಲು ಕಚ್ಚಿಸಿ ನೋಡಬೇಕಾದ್ದರಿಂದ ಅರಿವಳಿಕೆಯ ನಳಿಕೆ ಬಾಯಿಯ ಬದಲು ಮೂಗಿನ ಮೂಲಕ ಹೋಗುತ್ತದೆ. ಸರಿಸಿದ ಎಲುಬನ್ನು ಟೈಟಾನಿಯಂ ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. ಕೊನೆಗೆ ಎರಡೂ ದವಡೆಗಳನ್ನು ಕಟ್ಟಿದ್ದ ತಂತಿ ಬಿಚ್ಚಿ, ಗದ್ದವನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಮುಚ್ಚುತ್ತಾರೆ. ಹಲ್ಲು ಸ್ಪ್ಲಿಂಟಿಗೆ ತಾನಾಗಿ ಹೋಗಿ ಕೂರಬೇಕು. ಮುಂದೆ ತೆರೆದುಕೊಂಡರೆ ಅಥವಾ ಬದಿಗೆ ಜಾರಿದರೆ, ಸ್ಕ್ರೂ ಬಿಗಿಯುವಾಗ ಕೀಲು ಗುಳಿಯಿಂದ ಇಳಿದಿತ್ತು ಎಂದರ್ಥ. ಆಗ ಆ ಬದಿಯ ಸ್ಕ್ರೂ ಬಿಚ್ಚಿ ಮತ್ತೆ ಕೂರಿಸಬೇಕು. ರಬ್ಬರ್ ಬ್ಯಾಂಡ್ ಎಳೆದು ಸರಿಮಾಡುತ್ತದೆಂದು ಬಿಟ್ಟರೆ ಮುಂದೆ ತೊಂದರೆ ಖಚಿತ.

ಒಂದು ಪಂಗಡದ ವೈದ್ಯರು ಈ ಕ್ರಮವನ್ನೇ ತಲೆಕೆಳಗು ಮಾಡಿದ್ದಾರೆ. ಜಪಾನಿನಲ್ಲಿ ನಾಗಸಾಕಾ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದ ವಿಧಾನದಲ್ಲಿ ಮೊದಲು ದವಡೆ ಸರಿಸಿ, ಹಲ್ಲುಗಳನ್ನು ಆಮೇಲೆ ಸರಿಪಡಿಸುತ್ತಾರೆ. ಮುಖ ಕೆಡುವ ಒಂದೂವರೆ ವರ್ಷ ತಪ್ಪುತ್ತದೆ. ಕತ್ತರಿಸಿದ ಎಲುಬು ಗುಣವಾಗುವ ಮೊದಲ ಕೆಲವು ತಿಂಗಳು ಹಲ್ಲೂ ಬೇಗ ಸರಿಯುತ್ತದೆ. ಕೇಳಲು ಬಲು ಚೆನ್ನ. ಆದರೆ ದವಡೆಗಳು ಗಟ್ಟಿಯಾಗಿ ಕೂರಲು ಕನಿಷ್ಠ ಮೂರು ಕಡೆ ಹಲ್ಲು ತಾಗಬೇಕು. ಹಲ್ಲುಗಳು ತೀರ ಒತ್ತರಿಸಿಕೊಂಡಿದ್ದರೆ ಅಥವಾ ಎರಡು ದವಡೆಗಳ ಅಗಲ ಹೊಂದದಿದ್ದರೆ ಅದು ಸಿಗುವುದಿಲ್ಲ. ಸಾಲು ಚೆನ್ನಾಗಿದ್ದು ಎಲುಬು ಮಾತ್ರ ತಪ್ಪಿರುವವರಿಗೆ ಒಪ್ಪುವ ದಾರಿ ಅದು. ಎಲ್ಲರಿಗೂ ಅದೇ ಎಂದು ಹೇಳುವ ಜಾಹೀರಾತನ್ನು ನಾನು ನಂಬುವುದಿಲ್ಲ.

ಅಪಾಯಗಳಲ್ಲಿ ಮೊದಲು ಹೇಳಬೇಕಾದದ್ದು ನರದ ವಿಷಯ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಕೆಳದವಡೆಯ ಒಳಗೇ, ಸೀಳುವ ಜಾಗದಲ್ಲೇ ಹಾದುಹೋಗುತ್ತದೆ. ಅದು ತುಂಡಾಗದಿದ್ದರೂ ಎಳೆದಾಟಕ್ಕೆ ಸಿಗುತ್ತದೆ. ಹೆಚ್ಚುಕಡಿಮೆ ಎಲ್ಲರಿಗೂ ಮೊದಲ ವಾರಗಳಲ್ಲಿ ತುಟಿ ಮರಗಟ್ಟಿರುತ್ತದೆ. ತಿಂಗಳುಗಟ್ಟಲೆ ಜುಮುಗುಟ್ಟುತ್ತ ಸ್ಪರ್ಶ ಮರಳುತ್ತದೆ. ಒಂದು ವರ್ಷದ ಮೇಲೂ ಕೆಲವರಿಗೆ ಸ್ವಲ್ಪ ಭಾಗ ಮಂದವಾಗಿಯೇ ಉಳಿಯುತ್ತದೆ, ವಯಸ್ಸು ಹೆಚ್ಚಿದಷ್ಟೂ ಇದು ಹೆಚ್ಚು. ತುಟಿ ಅಲುಗಾಡಿಸುವ ನರ ಬೇರೆಯಾದ್ದರಿಂದ ಬಾಯಿ ಸೊಟ್ಟಗಾಗುವುದು ಅಪರೂಪ. ಎಲುಬು ಯೋಜಿಸಿದಂತೆ ಸೀಳದೆ ಅಡ್ಡ ಒಡೆಯುವುದು, ಸೋಂಕು, ಪ್ಲೇಟ್ ತೆಗೆಯಬೇಕಾಗುವುದು ಇವೂ ಉಂಟು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಮರಗಟ್ಟಿದ ತುಟಿಯೊಂದಿಗೆ ಬಾಳಬಲ್ಲೆನೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಚೇತರಿಕೆಯ ಮೊದಲ ರಾತ್ರಿ ಕಠಿಣ, ನೋವಿಗಿಂತ ಉಸಿರಿನ ಕಾರಣಕ್ಕೆ. ಮೂಗು ಕಟ್ಟಿರುತ್ತದೆ, ಬಾಯಿಗೆ ರಬ್ಬರ್ ಬ್ಯಾಂಡ್ ಇರುತ್ತದೆ, ಜೊಲ್ಲಿನ ಜೊತೆ ಹಳೆಯ ರಕ್ತ ಬರುತ್ತದೆ. ತಲೆ ಎತ್ತರಿಸಿ ಮಲಗಿಸುತ್ತಾರೆ. ಬಾಯಿ ಹೀರುವ ನಳಿಕೆ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಊತ ಎರಡನೇ ಮೂರನೇ ದಿನಕ್ಕೆ ಅತಿ ಹೆಚ್ಚು. ಆ ದಿನ ಕನ್ನಡಿ ನೋಡಿದವರಿಗೆ ತಮ್ಮ ಗುರುತೇ ಸಿಗುವುದಿಲ್ಲ. ಮೊದಲ ಎರಡು ದಿನ ಮಂಜುಗಡ್ಡೆ, ಆಮೇಲೆ ಹದವಾದ ಬಿಸಿ ಶಾಖ. ಎರಡು ಮೂರು ವಾರದಲ್ಲಿ ಊತದ ಬಹುಭಾಗ ಇಳಿಯುತ್ತದೆ, ಉಳಿದದ್ದು ಆರು ತಿಂಗಳಿಂದ ಒಂದು ವರ್ಷದವರೆಗೆ ನಿಧಾನ ಕರಗುತ್ತದೆ. ಮೊದಲ ವಾರದ ಕೊನೆಗೆ ಅನೇಕರಿಗೆ ಮನಸ್ಸು ಕುಗ್ಗಿ, ಯಾಕಾದರೂ ಮಾಡಿಸಿಕೊಂಡೆನೋ ಎನಿಸುತ್ತದೆ. ಹೆಚ್ಚಿನವರಲ್ಲಿ ಅದು ಊತದ ಜೊತೆಗೇ ಇಳಿಯುತ್ತದೆ. ವಾರಗಟ್ಟಲೆ ಉಳಿದರೆ ವೈದ್ಯರಿಗೆ ಹೇಳಬೇಕು.

ಊಟವೇ ಮನೆಯವರ ದೊಡ್ಡ ಕೆಲಸ. ಮೊದಲ ಎರಡು ವಾರ ದ್ರವ ಮಾತ್ರ. ದೊಡ್ಡ ಸಿರಿಂಜಿಗೆ ಮೆತ್ತನೆ ರಬ್ಬರ್ ನಳಿಕೆ ಸಿಕ್ಕಿಸಿ, ಕೆನ್ನೆಯ ಒಳಬದಿಗೆ ಇಟ್ಟು ಮೆಲ್ಲಗೆ ಒತ್ತಬೇಕು. ರಾಗಿ ಗಂಜಿ, ಬೇಳೆ ಕಟ್ಟು, ಹಾಲು, ಮಜ್ಜಿಗೆ, ಸೋಸಿದ ಕೋಳಿಸಾರು ಎಲ್ಲ ಆಗುತ್ತವೆ. ಒಗ್ಗರಣೆ ಬೇಡ, ಒಂದು ಸಾಸಿವೆ ಕಾಳು ಹೊಲಿಗೆಯಲ್ಲಿ ಸಿಕ್ಕಿಕೊಂಡರೂ ಸಾಕು ಕೀವಿಗೆ. ಗಂಜಿಯ ಬಿಸಿಯನ್ನು ಮುಂಗೈಯ ಮೇಲೆ ಹಾಕಿ ನೋಡಬೇಕು. ಮರಗಟ್ಟಿದ ತುಟಿಗೆ ಸುಟ್ಟದ್ದು ತಿಳಿಯುವುದಿಲ್ಲ. ದಿನಕ್ಕೆ ಆರೆಂಟು ಸಲ ಕುಡಿಸಿದರೂ ಕೆಲವು ಕಿಲೊ ಇಳಿಯುವುದು ಸಾಮಾನ್ಯ. ಮೂರನೇ ವಾರದಿಂದ ಆರನೇ ವಾರದವರೆಗೆ ನಾಲಿಗೆಯಿಂದ ಹಿಸುಕಿ ನುಂಗಬಹುದಾದ ಮೆದು ಅನ್ನ, ಇಡ್ಲಿ, ಉಪ್ಪಿಟ್ಟು. ಚಕ್ಕುಲಿ, ಕಬ್ಬು, ಮಟನ್ ತುಂಡುಗಳಿಗೆ ಮೂರು ತಿಂಗಳು ಕಾಯಬೇಕು, ಏಕೆಂದರೆ ಅಲ್ಲಿಯತನಕ ಅಗಿತದ ಭಾರ ಹೊರುವುದು ಹೆಚ್ಚಾಗಿ ಪ್ಲೇಟುಗಳೇ.

ಸಿಂಬಳವನ್ನು ಜೋರಾಗಿ ಊದಿ ತೆಗೆಯುವಂತಿಲ್ಲ, ಮೂರು ವಾರ. ಒಳಗಿನ ಗಾಳಿ ಕೆನ್ನೆಯ ಚರ್ಮದಡಿ ನುಗ್ಗುತ್ತದೆ. ಕುಳಿತು ಮಾಡುವ ಕೆಲಸಕ್ಕೆ ಎರಡು ಮೂರು ವಾರದಲ್ಲಿ ಮರಳಬಹುದು. ಬಾಯಿ ತೆರೆಯುವ ವ್ಯಾಯಾಮ ವೈದ್ಯರು ಹೇಳಿದ ದಿನದಿಂದ ತಪ್ಪದೆ ಮಾಡಬೇಕು. ಎರಡು ಮೂರು ತಿಂಗಳ ಹೊತ್ತಿಗೆ ಮುಂದಿನ ಹಲ್ಲುಗಳ ನಡುವೆ ಮೂರು ಬೆರಳು ಹಿಡಿದರೆ ಸರಿಯಿದೆ. ವಾರ ಎರಡು ವಾರದ ಮೇಲೆ ಮೂಗಿನಿಂದ ಕೆಂಪು ಹೊಸ ರಕ್ತ ಸುರಿದರೆ, ಇಳಿದ ಊತ ಒಂದು ಬದಿಗೆ ಮತ್ತೆ ಏರಿದರೆ, ಬಾಯಲ್ಲಿ ಕೀವಿನ ರುಚಿ ಬಂದರೆ, ನಿನ್ನೆ ಸ್ಪ್ಲಿಂಟಿಗೆ ಕೂತ ಹಲ್ಲು ಇವತ್ತು ಕೂರದಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಂದಿನ ಭೇಟಿಯ ತಾರೀಕಿಗೆ ಕಾಯಬಾರದು.

ಇಷ್ಟಾದ ಮೇಲೆ ರೋಗಿ ಮತ್ತೆ ಆರ್ಥೊಡಾಂಟಿಸ್ಟರ ಕುರ್ಚಿಗೆ ಬರುತ್ತಾನೆ. ಆರೇಳು ತಿಂಗಳು ಹಲ್ಲುಗಳನ್ನು ಒಂದಕ್ಕೊಂದು ಚೆನ್ನಾಗಿ ಕಚ್ಚಿಸಿ, ಕ್ಲಿಪ್ ಬಿಚ್ಚಿ, ರಿಟೇನರ್ ಕೊಡುತ್ತಾರೆ. ಮೊದಲ ಭೇಟಿಯಿಂದ ಇಲ್ಲಿಗೆ ಎರಡರಿಂದ ಮೂರು ವರ್ಷ. ರಬ್ಬರ್ ಬ್ಯಾಂಡ್ ಹಾಕಿಕೊಳ್ಳದವರ ಕೆಳದವಡೆ ಮೊದಲ ತಿಂಗಳುಗಳಲ್ಲೇ ಮುಂದಕ್ಕೆ ಜಾರತೊಡಗುತ್ತದೆ; ಅದನ್ನು ಹಿಡಿಯಬೇಕಾದದ್ದೂ ಆಗಲೇ.

ಖರ್ಚಿನ ಮಾತು ಕೊನೆಗೆ. ಕರ್ನಾಟಕದಲ್ಲಿ ಸರ್ಕಾರಿ ಮತ್ತು ಖಾಸಗಿ ಡೆಂಟಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಎರಡೂ ವಿಭಾಗಗಳು ಒಂದೇ ಕಟ್ಟಡದಲ್ಲಿರುತ್ತವೆ. ಇಬ್ಬರು ವೈದ್ಯರನ್ನು ಕೂಡಿಸುವ ಓಡಾಟ ಅಲ್ಲಿ ಕಡಿಮೆ. ವಿಮಾ ಕಂಪನಿಗಳು ಇದನ್ನು ಹಲ್ಲಿನ ಚಿಕಿತ್ಸೆ ಅಥವಾ ಸೌಂದರ್ಯ ಚಿಕಿತ್ಸೆ ಎಂದು ಹೆಸರಿಸಿ ತಳ್ಳಿಹಾಕುವುದು ಸಾಮಾನ್ಯ. ಅಗಿಯಲಾಗದ ತೊಂದರೆ, ಸೆಫಲೋಗ್ರಾಂ ಅಳತೆ, ಉಸಿರಿನ ತೊಂದರೆಯಿದ್ದರೆ ನಿದ್ದೆಯ ಪರೀಕ್ಷೆಯ ವರದಿ, ಇಷ್ಟನ್ನೂ ಸೇರಿಸಿ ಇಬ್ಬರೂ ವೈದ್ಯರಿಂದ ಪತ್ರ ಬರೆಸಿ, ಕಂಪನಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಪಡೆಯಬೇಕಾದದ್ದು ಶಸ್ತ್ರಚಿಕಿತ್ಸೆಯ ವಾರದಲ್ಲಲ್ಲ, ಮೇಲ್ದವಡೆಯ ಮೊದಲ ಹಲ್ಲು ಕೀಳಿಸುವ ಮುಂಚೆ.